ಹತ್ತನೇ ಕ್ಲಾಸಿನವರಿಗೆ ಆರು ಗಂಟೆ ನಿದ್ದೆ ಧಾರಾಳವಂತೆ!

ನಿನ್ನೆ ಅಣ್ಣನ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅತ್ತಿಗೆ ಜೊತೆ ನಾನೂ ಹೋಗಿದ್ದೆ. ಒಬ್ಬರು ಮೈಕ್ ಹಿಡಿದು, "ಈ ವರ್ಷ ಆರು ಗಂಟೆ ನಿದ್ದೆ ಧಾರಾಳ ಸಾಕು" ಅಂದರು. ಸಭೆ ಚಪ್ಪಾಳೆ ತಟ್ಟಿತು! ಪಕ್ಕದಲ್ಲಿದ್ದ ಅಪ್ಪ ಒಬ್ಬರು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಬೇರೆ ಮಾಡಿಕೊಂಡರು. ಮಗನಿಗೆ ಕೇಳಿಸೋಕೆ ಇರಬೇಕು.

ಮಕ್ಕಳ ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡಿ ಸವೆದವಳು ನಾನು, ನಿಮಗೆಲ್ಲ ಗೊತ್ತಲ್ವಾ. ಈ ವಿಷಯಕ್ಕೆ ಸುಮ್ನೆ ಕೂರೋಳಲ್ಲ.

ವಯಸ್ಸಿಗೆ ತಕ್ಕ ನಿದ್ದೆ ಎಷ್ಟು ಅನ್ನೋದು ಗುಟ್ಟೇನಲ್ಲ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲೇ ಪಟ್ಟಿ ಕೊಟ್ಟಿದೆ. ನಾಲ್ಕು ತಿಂಗಳಿಂದ ವರ್ಷದೊಳಗಿನ ಕೂಸಿಗೆ 12ರಿಂದ 16 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13, ಹಗಲಿನ ನಿದ್ದೆಯೂ ಸೇರಿ. ಆರರಿಂದ ಹನ್ನೆರಡರವರಿಗೆ 9ರಿಂದ 12. ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10. ದೊಡ್ಡವರಿಗೆ ಏಳು ಗಂಟೆಗೆ ಕಡಿಮೆ ಬೇಡ ಅಂತ ಅದೇ ಸಂಘ 2015ರಲ್ಲೇ ಹೇಳಿತ್ತು. ನಾಲ್ಕು ತಿಂಗಳೊಳಗಿನ ಕೂಸುಗಳಿಗೆ ಮಾತ್ರ ಆ ಸಂಘ ಲೆಕ್ಕವೇ ಹೇಳಿಲ್ಲ, ಯಾಕಂದ್ರೆ ಒಂದೊಂದು ಕೂಸಿನ ನಿದ್ದೆ ಒಂದೊಂದು ಥರ.

ಆರು ಗಂಟೆ ಅನ್ನೋದು ಈ ಪಟ್ಟಿಯಲ್ಲಿ ಯಾವ ವಯಸ್ಸಿಗೂ ಇಲ್ಲ ಸ್ವಾಮಿ.

ನಮ್ಮ ಹುಡುಗಿಯ ದಿನ ನೋಡಿ. ವಿಜಯನಗರದ ಮೂಲೆಗೆ ಸ್ಕೂಲ್ ಬಸ್ ಬರೋದು 6:40ಕ್ಕೆ. ಅಂದ್ರೆ ಐದೂವರೆಗೆ ಏಳಬೇಕು. ಟ್ಯೂಷನ್ ಮುಗಿಸಿ ಮನೆ ಸೇರೋದು ರಾತ್ರಿ ಎಂಟೂವರೆ. ಊಟ, ಹೋಮ್‌ವರ್ಕ್, ಮಲಗುವಾಗ ಹನ್ನೊಂದೂವರೆ. ಸಿಕ್ಕಿದ್ದು ಆರು ಗಂಟೆ. ಕನಿಷ್ಠ ಎಂಟಕ್ಕೆ ಹೋಲಿಸಿದರೂ ದಿನಕ್ಕೆ ಎರಡು ಗಂಟೆ ಖೋತಾ, ಶನಿವಾರದ ಹೊತ್ತಿಗೆ ಹನ್ನೆರಡು ಗಂಟೆ. ಭಾನುವಾರ ಹತ್ತರವರೆಗೆ ಮಲಗಿದರೆ ಎರಡೂವರೆ ಗಂಟೆ ವಾಪಸ್ ಬರುತ್ತೆ, ಅಷ್ಟೇ. ಮೇಲೆ ಅವತ್ತು ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚಲ್ಲ. ಸೋಮವಾರ ಬಸ್ ಹತ್ತಿದ ತಕ್ಷಣ ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ. ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋಗ್ತಾಳೆ ಅಂತ ಅತ್ತಿಗೆಗೆ ಹೆಮ್ಮೆ ಬೇರೆ. ಅತ್ತಿಗೆ, ಅದು ಗಾಢನಿದ್ದೆಯ ಗುರುತಲ್ಲ, ನಿದ್ದೆಗೆಟ್ಟಿರೋದರ ಗುರುತು.

"ಹಾಗಾದ್ರೆ ಒಂಬತ್ತಕ್ಕೇ ಮಲಗಲಿ" ಅಂತೀರಾ? ಮಲಗಿಸಿ ನೋಡಿ. ಹರೆಯ ಬಂದಾಗ ಮೈಯೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತೆ. ರಾತ್ರಿ ಆಯ್ತು ಅಂತ ಮೈಗೆ ಹೇಳೋ ಮೆಲಟೋನಿನ್ ತಡವಾಗಿ ಸುರಿಯೋಕೆ ಶುರುವಾಗುತ್ತೆ. ಹಗಲೆಲ್ಲ ಎದ್ದಿದ್ದರೂ ನಿದ್ದೆಗೆ ಎಳೆಯೋ ಒತ್ತಡ ಚಿಕ್ಕ ಮಕ್ಕಳಲ್ಲಿ ಏರಿದಷ್ಟು ಬೇಗ ಇವರಲ್ಲಿ ಏರಲ್ಲ. ನಿದ್ದೆ ತಡವಾಗಿ ಬರುತ್ತೆ, ಆದರೆ ಬೇಕಾದ ಗಂಟೆ ಮಾತ್ರ ಕಡಿಮೆ ಆಗಲ್ಲ. ಬಸ್ಸು ಬೆಳಗಿನ ತುದಿಯನ್ನು ಕತ್ತರಿಸುತ್ತೆ, ಅದೂ ಕನಸು ಬೀಳೋ ನಿದ್ದೆ ಜಾಸ್ತಿ ಇರೋ ತುದಿಯನ್ನು.

ಮೊಬೈಲ್ ಕಾರಣ ಅಲ್ವಾ ಅಂತ ಕಾಮೆಂಟ್ ಹಾಕೋರು ಬರ್ತಾರೆ, ಗೊತ್ತು. ಸರಿ, ಮಲಗೋ ಹೊತ್ತಲ್ಲಿ ಪರದೆಯ ಬೆಳಕು ನಿದ್ದೆಯನ್ನು ಇನ್ನಷ್ಟು ಮುಂದೂಡುತ್ತೆ, ಕಿತ್ತಿಡಿ. ಆದರೆ ಎಂಟೂವರೆವರೆಗೆ ಟ್ಯೂಷನ್ನಿಗೆ ಕಳಿಸಿದ್ದು ಮೊಬೈಲಾ?

ಇನ್ನು ನಮ್ಮಮ್ಮ. "ನಾನು ನಾಲ್ಕೂವರೆಗೇ ಏಳಲ್ವಾ, ಈ ಕಾಲದ ಮಕ್ಕಳು ಸೋಮಾರಿಗಳು" ಅಂತ ದಿನಾ ಸುಪ್ರಭಾತ. ಅಮ್ಮನಿಗೆ ಅರವತ್ತೆಂಟು. ನ್ಯಾಷನಲ್ ಸ್ಲೀಪ್ ಫೌಂಡೇಶನ್ 2015ರಲ್ಲಿ ಅರವತ್ತೈದು ದಾಟಿದವರಿಗೆ ಹೇಳಿದ್ದು 7ರಿಂದ 8 ಗಂಟೆ. ಅಮ್ಮ ಒಂಬತ್ತಕ್ಕೆ ಮಲಗ್ತಾರೆ. ಏಳೂವರೆ ಗಂಟೆ, ಪಟ್ಟಿಗೆ ಸರಿಯಾಗಿ. ವಯಸ್ಸಾದವರ ಗಡಿಯಾರ ಮುಂದಕ್ಕೆ ಸರಿದಿರುತ್ತೆ, ಬೇಗ ನಿದ್ದೆ, ಬೇಗ ಎಚ್ಚರ. ಅದರಲ್ಲಿ ಶಿಸ್ತಿನ ಪಾಲು ಕಡಿಮೆ ಅಮ್ಮಾ. ಮಧ್ಯಾಹ್ನ ಧಾರಾವಾಹಿ ನೋಡ್ತಾ ಸೋಫಾ ಮೇಲೆ ತೂಗೋದನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಅಂತ 2019ರಲ್ಲಿ ಕಾನೂನು ಮಾಡಿ, 2022ರಿಂದ ಜಾರಿಗೆ ತಂದರು (ಕೆಲವು ಹಳ್ಳಿ ಶಾಲೆಗಳಿಗೆ ವಿನಾಯಿತಿ ಇದೆ). ನಮ್ಮ ಬೆಂಗಳೂರಲ್ಲಿ 2023ರಲ್ಲಿ ಶಾಲೆಯ ಸಮಯ ಬದಲಿಸೋ ಚರ್ಚೆ ಎದ್ದಿದ್ದು ಯಾಕೆ ಹೇಳಿ? ಟ್ರಾಫಿಕ್ ಕಡಿಮೆ ಮಾಡೋಕೆ!

ಬಸ್ಸಿನ ಟೈಮ್ ನಮ್ಮ ಕೈಲಿಲ್ಲ, ಒಪ್ಪಿದೆ. ಟ್ಯೂಷನ್ ನಮ್ಮ ಕೈಲಿದೆ. ವಾರದ ದಿನದ್ದನ್ನು ಬಿಡಿಸಿ, ಭಾನುವಾರ ಹನ್ನೊಂದಕ್ಕೆ ಹಾಕಿ ಅಂತ ಅತ್ತಿಗೆಗೆ ಹೇಳಿದೆ. ಸ್ಕೂಲಿಂದ ಬಂದು ಇಪ್ಪತ್ತು ನಿಮಿಷ ಒರಗಲಿ, ಹೋಮ್‌ವರ್ಕ್ ಸಂಜೆಯೇ ಮುಗಿದರೆ ಹತ್ತೂವರೆ ಒಳಗೆ ದೀಪ ಆರುತ್ತೆ. ಆಗಲೂ ಸಿಗೋದು ಏಳೇ ಗಂಟೆ, ಭಾನುವಾರ ಏಳೂವರೆಗೆ ಎಬ್ಬಿಸಿದರೆ ಸೋಮವಾರದ ಗೋಳಾದರೂ ಕಡಿಮೆ. "ಟೀಚರ್ ಏನಂತಾರೋ" ಅಂದರು ಅತ್ತಿಗೆ. ಫೋನ್ ನಂಬರ್ ಕೊಡಿ, ನಾನೇ ಮಾತಾಡ್ತೀನಿ ಅಂದಿದ್ದೀನಿ.