ಬೇಡದ ಕೆಲಸ ಬೇಡ, ಬೇಕಾದದ್ದು ಇದ್ದರೆ ಹೇಳಿ

‘ನಿಮ್ಮ ಪ್ರೊಫೈಲ್ ನೋಡಿ ತುಂಬಾ ಮೆಚ್ಚಿಕೊಂಡೆವು’ ಎಂದು ಶುರುವಾಗುವ ಮೇಲ್ ಬಂದರೆ, ಪ್ರೊಫೈಲನ್ನು ಯಾರೂ ಪೂರ್ತಿ ಓದಿಲ್ಲ ಎಂದೇ ತಿಳಿಯಬಹುದು. ನನ್ನ ಗೆಳತಿಗೆ ಒಬ್ಬ ರಿಕ್ರೂಟರ್‌ನಿಂದ ಇಂಥವು ಬರುತ್ತಲೇ ಇದ್ದವು. ಅವಳದು ಡೇಟಾ ಇಂಜಿನಿಯರಿಂಗ್. ಆತ ಕಳಿಸುತ್ತಿದ್ದುದೆಲ್ಲ ಮ್ಯಾನ್ಯುಯಲ್ ಟೆಸ್ಟಿಂಗ್, ಅದೂ ಆರು ತಿಂಗಳ ಕಾಂಟ್ರ್ಯಾಕ್ಟ್.

‘ಇನ್ನು ಮೇಲೆ ಏನನ್ನೂ ಕಳಿಸಬೇಡಿ ಅಂತ ಬರೆದುಬಿಡಲಾ?’ ಎಂದಳು. ಹಾಗೆ ಬರೆದರೆ ಆತ ಅವಳ ಹೆಸರಿನ ಮುಂದೆ ‘ಸಂಪರ್ಕಿಸಬೇಡಿ’ ಎಂದು ಗುರುತು ಹಾಕಿಬಿಡಬಹುದು. ಮೇಲ್‌ನ ಅಡಿಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಒತ್ತಿದರೂ ಬಹುಮಟ್ಟಿಗೆ ಅದೇ ಕತೆ. ಮುಂದೆ ಒಳ್ಳೆಯ ಕೆಲಸ ಬಂದಾಗಲೂ ಅವಳ ಹೆಸರು ಪಟ್ಟಿಗೆ ಬರುವುದಿಲ್ಲ. ಇನ್ನು ಸುಮ್ಮನಿರೋಣವೆಂದರೆ, ಉತ್ತರವಿಲ್ಲದ ಮೇಲಿಗೆ ಜ್ಞಾಪನೆಯ ಮೇಲ್ ತಾನಾಗಿಯೇ ಹೊರಡುವಂತೆ ಕಂಪ್ಯೂಟರಿಗೆ ಹೇಳಿಟ್ಟಿರುತ್ತಾರೆ.

ರಿಕ್ರೂಟರ್‌ಗಳ ಮೇಲೆ ನನಗೆ ಕೋಪವಿಲ್ಲ. ಅವರು ಡೇಟಾಬೇಸಿನಲ್ಲಿ ಒಂದು ಪದ ಹಾಕಿ ಹುಡುಕುತ್ತಾರೆ, ಸಿಕ್ಕ ಹೆಸರುಗಳಿಗೆಲ್ಲ ಒಂದೇ ಮೇಲ್ ಹೋಗುತ್ತದೆ. ಗೆಳತಿಯ ಹಳೆಯ ರೆಸ್ಯೂಮೆ ತೆಗೆಸಿ ನೋಡಿದೆ. ಸ್ಕಿಲ್ಸ್ ಪಟ್ಟಿಯ ಮೊದಲ ಸಾಲಿನಲ್ಲೇ ‘ಟೆಸ್ಟಿಂಗ್’ ಕೂತಿತ್ತು! ಓದು ಮುಗಿಸಿದ ಹೊಸತರಲ್ಲಿ ಕೆಲವು ತಿಂಗಳು ಮಾಡಿದ ಕೆಲಸವದು. ಪಟ್ಟಿಯಿಂದ ಅದನ್ನು ಕಿತ್ತು, ಆ ಮೊದಲ ನೌಕರಿಯ ವಿವರದೊಳಗೆ ಅರ್ಧ ಸಾಲಾಗಿ ಇಳಿಸಿದೆವು. ಆಮೇಲೆ ಉತ್ತರ ಬರೆದೆವು:

‘ನಮಸ್ಕಾರ. ಈ ಹುದ್ದೆ ನನಗೆ ಹೊಂದುವುದಿಲ್ಲ. ಟೆಸ್ಟಿಂಗ್ ಕೆಲಸಗಳನ್ನೂ ಕಾಂಟ್ರ್ಯಾಕ್ಟ್ ಕೆಲಸಗಳನ್ನೂ ದಯವಿಟ್ಟು ಕಳಿಸಬೇಡಿ. ಡೇಟಾ ಇಂಜಿನಿಯರಿಂಗ್‌ನಲ್ಲಿ ಸೀನಿಯರ್ ಹುದ್ದೆ, ಪರ್ಮನೆಂಟ್, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಆಫೀಸಿಗೆ ಹೋಗಬೇಕಿಲ್ಲದ್ದು ಬಂದರೆ ಖಂಡಿತ ತಿಳಿಸಿ. ಸಂಬಳದ ಅಂದಾಜನ್ನೂ ಮೊದಲೇ ಹೇಳಿದರೆ ಇಬ್ಬರಿಗೂ ಅನುಕೂಲ. ಹೊಸ ರೆಸ್ಯೂಮೆ ಜೊತೆಗಿದೆ, ಹಳೆಯದನ್ನು ತೆಗೆದುಬಿಡಿ.’

ಗೆಳತಿ ಮೊದಲು ಬರೆದಿದ್ದ ಕರಡಿನಲ್ಲಿ ‘ನನ್ನ ಅನುಭವಕ್ಕೆ ತಕ್ಕ, ಸವಾಲಿನ ಕೆಲಸವಿದ್ದರೆ’ ಎಂದಿತ್ತು. ಅದನ್ನು ಹೊಡೆದುಹಾಕಿಸಿದೆ. ಸವಾಲು ಎಂಬ ಪದ ಹಾಕಿ ಯಾರೂ ಹುಡುಕುವುದಿಲ್ಲ. ರಿಕ್ರೂಟರ್ ನಮ್ಮ ಹೆಸರಿನ ಕೆಳಗೆ ಟಿಪ್ಪಣಿಯಾಗಿ ಹಾಗೇ ಅಂಟಿಸಿಕೊಳ್ಳಬಹುದಾದ್ದನ್ನು ಮಾತ್ರ ಬರೆಯಬೇಕು: ಹುದ್ದೆ, ಹಂತ, ಪರ್ಮನೆಂಟೋ ಕಾಂಟ್ರ್ಯಾಕ್ಟೋ, ಎಲ್ಲಿಂದ ಕೆಲಸ. ಸಿಟ್ಟನ್ನು ಅಂಟಿಸಿಕೊಳ್ಳಲು ಅಲ್ಲಿ ಜಾಗವಿಲ್ಲ. ಹಾಗೆಂದು ಷರತ್ತುಗಳನ್ನು ಹತ್ತಕ್ಕೇರಿಸಿದರೆ ಯಾವ ಹುದ್ದೆಯೂ ಪಾಸಾಗದು. ಬಿಟ್ಟುಕೊಡಲಾಗದ ಮೂರ್ನಾಲ್ಕು ಸಾಕು.

ಆತ ‘ನೋಟೆಡ್’ ಎಂದು ಒಂದೇ ಪದದ ಉತ್ತರ ಕಳಿಸಿದ. ಟೆಸ್ಟಿಂಗ್ ನಿಂತಿತು. ಕೆಲವು ವಾರಗಳ ನಂತರ ಅದೇ ಸಂಸ್ಥೆಯ ಇನ್ನೊಬ್ಬಾಕೆ, ಹಳೆಯ ರೆಸ್ಯೂಮೆಯನ್ನು ಎಲ್ಲಿಂದಲೋ ಹೊರತೆಗೆದು, ಮತ್ತೆ ಟೆಸ್ಟಿಂಗ್ ಕಳಿಸಿದಳು. ಗೆಳತಿ ಬೇಸರಿಸಲಿಲ್ಲ. ಅದೇ ಉತ್ತರವನ್ನು ಕಾಪಿ ಮಾಡಿ ಆಕೆಗೂ ಕಳಿಸಿದಳು.