ಜೂನ್ ಒಂದಕ್ಕೆ ಹುಟ್ಟಿದವರಿಗೆ ಒಂದು ಬೀಳ್ಕೊಡುಗೆ

ಸಾಹೇಬರೇ, ಮುಂದಿನ ಸಾಲಿನಲ್ಲಿ ಕುಳಿತ ಅವರ ತಾಯಿಯವರೇ, ಮಿರ್ಚಿ ಭಜಿ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ಬಂಧುಗಳೇ,

ಇವತ್ತು 2025ರ ಮೇ 31. ವಿಜಯಪುರದ ನಮ್ಮ ಈ ಒಂದೇ ಕಚೇರಿಯಿಂದ ನಾಲ್ಕು ಜನ ನಿವೃತ್ತರಾಗುತ್ತಿದ್ದಾರೆ. ನಾಲ್ವರೂ ಹುಟ್ಟಿದ್ದು 1965ರ ಜೂನ್ 1ಕ್ಕೆ. ಊರು ಬೇರೆ, ತಾಯಿ ಬೇರೆ, ತಾರೀಖು ಮಾತ್ರ ಒಂದೇ. ಬ್ಯಾನರ್ ಖರ್ಚು ಉಳಿಯಿತು, ಅದಕ್ಕೆ ಮೊದಲ ಧನ್ಯವಾದ.

ಆ ತಾರೀಖನ್ನು ಹೆತ್ತವರು ಕನ್ನಡ ಶಾಲೆಯ ಮಾಸ್ತರು. ಹುಡುಗನ ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿತೋ, ವಯಸ್ಸು ಆರು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಹಾಗಾಗಿ ಜೂನ್ 1. ನಮ್ಮ ಸಾಹೇಬರ ಕೈ ಸ್ವಲ್ಪ ಉದ್ದ ಇತ್ತು ಅಂತ ಕಾಣುತ್ತದೆ. (ಬೇರೆ ಅರ್ಥ ಹಚ್ಚಬೇಡಿ.)

ಸರ್ಕಾರಿ ನೌಕರ ಅರವತ್ತು ತುಂಬುವ ತಿಂಗಳ ಕೊನೆಯ ದಿನ ಮನೆಗೆ ಹೋಗಬೇಕು. ಒಂದನೇ ತಾರೀಖಿನವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಮಾಸ್ತರು ಒಂದರ ಬದಲು ಎರಡು ಅಂತ ಬರೆದಿದ್ದರೆ ಇನ್ನೊಂದು ಪೂರ್ತಿ ಪಗಾರ ಸಿಗುತ್ತಿತ್ತು. ತಿದ್ದಿಸಬಹುದಿತ್ತು ಅಲ್ವಾ ಅಂತೀರಿ. 1974ರ ಕಾಯ್ದೆಯ ಪ್ರಕಾರ, ಸೇವಾ ಪುಸ್ತಕದಲ್ಲಿ ಬರೆದ ಮೂರು ವರ್ಷದೊಳಗೆ ಕೇಳಬೇಕು. ಹೊಸ ನೌಕರಿಯ ಹುರುಪಿನಲ್ಲಿ ನಿವೃತ್ತಿಯ ಲೆಕ್ಕ ಯಾರು ಹಾಕುತ್ತಾರೆ?

ಸಾಹೇಬರದು ಒಂದು ಪ್ರಸಂಗ ಹೇಳಲೇಬೇಕು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಿಡಿದು ಒಬ್ಬ ಅಜ್ಜ ಬಂದಿದ್ದ. ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಕೋಲು.

"ಹುಟ್ಟಿದ ತಾರೀಖು?"

"ಸೀಗಿ ಹುಣ್ಣಿವಿ ದಿನಾ ಹುಟ್ಟೀನ್ರಿ. ನಮ್ಮವ್ವ ಚರಗಾ ಚೆಲ್ಲಾಕ ಹೊಲಕ್ಕ ಹೋಗಿದ್ಲಂತ."

"ಹುಣ್ಣಿವಿ ಗಿಣ್ಣಿವಿ ನಡಿಯೂದಿಲ್ಲೋ ಯಜಮಾನ. ಕಾಗದ ತಗೊಂಡ್ ಬಾ."

ಅಜ್ಜ ಮೂರು ಸಲ ಬಂದ, ಮೂರು ಸಲವೂ ಹುಣ್ಣಿಮೆಯನ್ನೇ ತಂದ. ನಾಲ್ಕನೇ ಸಲ ಬರಲಿಲ್ಲ. ನಿಯಮಕ್ಕೆ ಸಾಹೇಬರು ಅಷ್ಟು ನಿಷ್ಠರು. ಚಪ್ಪಾಳೆ ಬರಲಿ.

ಈಗ ಹತ್ತು ನಿಮಿಷದ ಹಿಂದಿನ ಮಾತು. ಸಾಹೇಬರಿಗೆ ಶಾಲು ಹೊದಿಸುವಾಗ ಅವರ ತಾಯಿ ನನ್ನ ಕೈ ಹಿಡಿದು ಕೇಳಿದರು: "ಯಪ್ಪಾ, ಇಂವಗ ಈಗ್ಯಾಕ ಮನಿಗೆ ಕಳಸಾಕತ್ತೀರಿ? ಅರವತ್ತು ಇನ್ನೂ ಎಲ್ಲಿ ತುಂಬ್ಯಾವ? ಇಂವಾ ಸೀಗಿ ಹುಣ್ಣಿವಿಗೆ ಹುಟ್ಟಿದಂವಾ."

ಅವ್ವಾ, ಏನು ಮಾಡೋದು, ಕಾಗದ ಇಲ್ಲವಲ್ಲ!

ಸಾಹೇಬರೇ, ಟಿಪ್ಪಣಿ ಬರೆಯುವುದನ್ನು ನನಗೆ ಕಲಿಸಿದವರು ನೀವು. ನನ್ನ ತಪ್ಪನ್ನು ಮೇಲಿನವರ ತನಕ ಒಯ್ಯದೆ ನಿಮ್ಮ ಮೇಜಿನ ಮೇಲೇ ತಿದ್ದಿದಿರಿ. ಅದಕ್ಕೆ ಸುಮ್ನೆ ಅಲ್ಲ, ನಿಜವಾಗಿ ಧನ್ಯವಾದ. ಆರೋಗ್ಯವಾಗಿರಿ, ಬಿಸಿ ರೊಟ್ಟಿ ಉಣ್ಣಿ, ಮೊಮ್ಮಕ್ಕಳ ಹುಟ್ಟಿದ ದಿನ ಸರಿಯಾಗಿ ಬರೆಸಿ. ಸೀಗಿ ಹುಣ್ಣಿಮೆಗೆ ನಿಮ್ಮ ಅಸಲಿ ಅರವತ್ತಕ್ಕೆ ನಾವೆಲ್ಲ ಹೊಲಕ್ಕೆ ಬರುತ್ತೇವೆ.

ಅದು ಮುಗಿದ ಮೇಲೆ ನವೆಂಬರ್ ಬರುತ್ತದೆ. ಪೆನ್ಶನ್ ಬೇಕಾದರೆ ಬದುಕಿದ್ದೀನಿ ಅಂತ ಪ್ರಮಾಣಪತ್ರ ಕೊಡಬೇಕು. ನೀವೇ ಖುದ್ದು ಎದುರಿಗೆ ಬಂದು ನಿಂತರೂ ನಾವು ಕೇಳುವವರೇ: ಕಾಗದ ತಂದೀರೇನ್ರಿ?