ಬೋರ್‌ವೆಲ್ ನೀರು ಕಡಿಮೆಯಾದರೆ ಮೊದಲು ಒಂದು ಗೇಜ್ ಕೂರಿಸಿ

ಬೋರ್‌ವೆಲ್ಲಿನ ನೀರು ಕಡಿಮೆಯಾಯಿತು ಎಂದು ಬಾಯಿ ಬಿಟ್ಟರೆ ಸಾಕು, ನಮ್ಮ ಶಿರಸಿ ಸೀಮೆಯಲ್ಲಿ ಎರಡು ಸಲಹೆಗಳು ತಯಾರಿರುತ್ತವೆ. ಇನ್ನೂ ನೂರು ಅಡಿ ಇಳಿಸಿ ಅಥವಾ ಬೇರೆ ಕಡೆ ಹೊಸದು ಹೊಡೆಸಿ ಎನ್ನುವುದು ಒಂದು. ಪಂಪ್ ಹಳೆಯದಾಯಿತು, ಮೂರು ಎಚ್‌ಪಿ ತೆಗೆದು ಐದು ಹಾಕಿ ಎನ್ನುವುದು ಇನ್ನೊಂದು. ಹೇಳುವವರ ಕೈಯಲ್ಲಿ ಒಂದು ಪ್ರೆಶರ್ ಗೇಜಾಗಲಿ, ಕ್ಲ್ಯಾಂಪ್ ಮೀಟರಾಗಲಿ ಇರುವುದಿಲ್ಲ. ಲಕ್ಷದ ಖರ್ಚಿನ ಮಾತು ಮಾತ್ರ ಲೀಲಾಜಾಲವಾಗಿ ಬರುತ್ತದೆ. ನನ್ನ ತಕರಾರು ಇಷ್ಟೇ: ಪಂಪನ್ನು ಮೇಲೆತ್ತುವ ಮೊದಲೇ, ಕೆಲವು ನೂರು ರೂಪಾಯಿಯ ಗೇಜಿನಿಂದ, ದೋಷ ಎಲ್ಲಿದೆ ಎಂಬುದು ಬಹುಪಾಲು ಗೊತ್ತಾಗುತ್ತದೆ. ಅದನ್ನು ಮಾಡದೆ ರಿಗ್ ಕರೆಸುವುದು ಬರೀ ಹುಂಬತನ.

ಈಚೆಗೆ ನಮ್ಮ ಭಾವನ ತೋಟದಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಅಡಿಕೆ ತೋಟ, ಮೂರು ಎಚ್‌ಪಿಯ ತ್ರೀ ಫೇಸ್ ಪಂಪ್, 240 ಅಡಿಯಲ್ಲಿ ಕೂತಿದೆ. ಒಂದೂವರೆ ಇಂಚಿನ ಜಿಐ ಪೈಪಿನಲ್ಲಿ ನೀರು ಮೇಲೆ ಬಂದು, ಗುಡ್ಡದ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ನೀರು ಒಮ್ಮೆಲೇ ನಿಂತದ್ದಲ್ಲ. ವರ್ಷದಿಂದ ವರ್ಷಕ್ಕೆ ಟ್ಯಾಂಕ್ ತುಂಬುವ ಹೊತ್ತು ಉದ್ದವಾಗುತ್ತ ಬಂತು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ ಕರೆಂಟ್ ಉಚಿತ. ಅದು ಒಳ್ಳೆಯದೇ. ಆದರೆ ಬಿಲ್ ಏರಿ ಎಚ್ಚರಿಸುವ ದಾರಿಯೂ ಅದರಿಂದ ಮುಚ್ಚಿಹೋಗಿದೆ. ಪಂಪ್ ಮೊದಲಿನ ಎರಡರಷ್ಟು ಹೊತ್ತು ಓಡಿದರೂ ಕೇಳುವವರಿಲ್ಲ.

ಮೊದಲು ಮಾಡಿದ್ದು ಡ್ರಮ್ಮಿನ ಅಳತೆ. 200 ಲೀಟರಿನ ಡ್ರಮ್ಮನ್ನು ಮೇಲಿನ ಟ್ಯಾಂಕಿನ ಬಳಿ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆವು. ಬೋರಿನ ಬಾಯಲ್ಲೇ ಅಳೆದರೆ ಉಪಯೋಗವಿಲ್ಲ, ಎತ್ತರ ಬದಲಾದರೆ ಬರುವ ನೀರೂ ಬದಲಾಗುತ್ತದೆ. ತುಂಬಲು 3 ನಿಮಿಷ 46 ಸೆಕೆಂಡ್ ಹಿಡಿಯಿತು, ಅಂದರೆ ನಿಮಿಷಕ್ಕೆ ಸುಮಾರು 53 ಲೀಟರ್. ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಶುರುವಿನಲ್ಲಿ ಜೋರಾಗಿ ಬಂದು, ಹತ್ತು ಹದಿನೈದು ನಿಮಿಷಕ್ಕೆ ಇಳಿದು, ಆಮೇಲೆ ಗಾಳಿ ಸೇರಿ ಕೆಮ್ಮುತ್ತ ಬಂದರೆ ಬೋರಿನಲ್ಲಿ ನೀರು ಸಾಲುತ್ತಿಲ್ಲ ಎಂದು ಅರ್ಥ. ಏಪ್ರಿಲ್, ಮೇ ತಿಂಗಳಲ್ಲಿ ಇದು ಮಾಮೂಲು. ಭಾವನ ಪಂಪಿನಲ್ಲಿ ಹಾಗಿರಲಿಲ್ಲ. ಮೊದಲ ನಿಮಿಷದಿಂದ ಕೊನೆಯವರೆಗೂ ಒಂದೇ ಹದದ ಸಣ್ಣ ಧಾರೆ.

ಆಮೇಲೆ ನೀರಿನ ಮಟ್ಟ. ಎರಡೆಳೆಯ ತೆಳು ವೈರಿನ ತುದಿಯನ್ನು ಸ್ವಲ್ಪ ಸುಲಿದು, ಎರಡೂ ಎಳೆ ಒಂದಕ್ಕೊಂದು ತಾಗದಂತೆ ಕಟ್ಟಿ, ಭಾರಕ್ಕೊಂದು ಕಬ್ಬಿಣದ ತುಂಡು ಸೇರಿಸಿ ನಿಧಾನವಾಗಿ ಇಳಿಸಬೇಕು. ಮೇಲಿನ ತುದಿಗೆ ಮಲ್ಟಿಮೀಟರ್ ಹಾಕಿದರೆ, ಕೆಳಗಿನ ತುದಿ ನೀರು ಮುಟ್ಟಿದಾಗ ಮುಳ್ಳು ಅಲ್ಲಾಡುತ್ತದೆ. ಅವಸರ ಮಾಡಿದರೆ ವೈರು ಪಂಪಿನ ಕೇಬಲ್ಲಿಗೆ ಸುತ್ತಿಕೊಂಡು ಹೊಸ ಕೆಲಸವೇ ಹುಟ್ಟುತ್ತದೆ. ರಾತ್ರಿಯಿಡೀ ಪಂಪ್ ನಿಂತಿದ್ದಾಗ ನೀರು 100 ಅಡಿಯಲ್ಲಿತ್ತು, ಒಂದು ಗಂಟೆ ಓಡಿಸಿದ ಮೇಲೆ 145 ಅಡಿಗೆ ಇಳಿದು ಅಲ್ಲೇ ನಿಂತಿತು. ಪಂಪ್ ಇರುವುದು 240ರಲ್ಲಿ. ಅದರ ತಲೆಯ ಮೇಲೆ ಇನ್ನೂ 95 ಅಡಿ ನೀರಿದೆ. ಹೊಸ ಬೋರಿನ ಮಾತು ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಊರಿನವರ ಬಾಯಿಗೆ ಬೀಗವಿಲ್ಲ.

ಮಟ್ಟ ಇಳಿದರೂ ನೀರು ಸ್ವಲ್ಪ ಕಡಿಮೆಯಾಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಪಂಪ್ ಹೆಚ್ಚು ಎತ್ತರಕ್ಕೆ ಎತ್ತಬೇಕಾದಂತೆಲ್ಲ ಕಡಿಮೆ ಕೊಡುತ್ತದೆ. ಎಷ್ಟು ಕಡಿಮೆ ಎಂಬುದು ಪಂಪಿನ ಜೊತೆ ಬರುವ ಪತ್ರದಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಭಾವನ ಮನೆಯಲ್ಲಿ ಅದು ಪುಣ್ಯಕ್ಕೆ ಪ್ಯಾನೆಲ್ ಬೋರ್ಡಿನ ಒಳಗೇ ಮಡಚಿಟ್ಟುಕೊಂಡಿತ್ತು. ನೀರಿನ ಮಟ್ಟ 145 ಅಡಿ, ಅಂದರೆ 44 ಮೀಟರ್, ಬೋರಿನ ಬಾಯಿಯಿಂದ ಟ್ಯಾಂಕಿಗೆ 16, ಪೈಪಿನ ಒಳಗಿನ ತಿಕ್ಕಾಟಕ್ಕೆ 3 ಎಂದಿಟ್ಟುಕೊಂಡರೆ ಒಟ್ಟು 63 ಮೀಟರ್. ಪತ್ರದ ಪ್ರಕಾರ ಅಷ್ಟು ಎತ್ತರಕ್ಕೆ ನಿಮಿಷಕ್ಕೆ 95 ಲೀಟರ್ ಬರಬೇಕು. ನಮಗೆ ಸಿಗುತ್ತಿರುವುದು 53. ಉಳಿದ 42 ಎಲ್ಲಿ ಹೋಯಿತು?

ಗೇಜ್ ಬೇಕಾಗುವುದು ಈಗ. ಬೋರಿನ ಬಾಯಿಯ ಬೆಂಡಿನ ನಂತರ ಒಂದು ಟೀ ಹಾಕಿ ಗೇಜ್ ಕೂರಿಸಿ, ಅದರ ಮುಂದೆ ಗೇಟ್ ವಾಲ್ವ್ ಇರಬೇಕು. ಮೊದಲು ವಾಲ್ವ್ ಪೂರ್ತಿ ತೆರೆದು ಓಡಿಸಿದೆವು. ಮುಳ್ಳು 1.7 ಕೆಜಿ ತೋರಿಸಿತು, ಅಂದರೆ 17 ಮೀಟರ್ ಎತ್ತರದ ನೀರಿನ ಒತ್ತಡ. ಟ್ಯಾಂಕಿನ ಎತ್ತರವೇ 16 ಇರುವಾಗ ಇದು ಸರಿಯಾದ ಲೆಕ್ಕ. ಮುಂದಿನ ಪೈಪಿನಲ್ಲಿ ಎಲ್ಲಾದರೂ ಕಟ್ಟಿಕೊಂಡಿದ್ದರೆ ಇದು ಮೂರೋ ನಾಲ್ಕೋ ತೋರಿಸಬೇಕಿತ್ತು. ನಮ್ಮ ಕಡೆಯ ನೀರಿನಲ್ಲಿ ಕಬ್ಬಿಣ ಹೆಚ್ಚು, ಪೈಪಿನೊಳಗೆ ಕೆಂಪು ಲೋಳೆ ಕಟ್ಟುವುದು ಹೊಸದಲ್ಲ, ಹಾಗಾಗಿ ಇದನ್ನು ನೋಡದೆ ಮುಂದೆ ಹೋಗಬಾರದು. ಮುಳ್ಳು ಹೆಚ್ಚಿದ್ದರೆ ತೊಂದರೆ ಗೇಜಿನ ಮುಂದೆ, ಕಡಿಮೆ ಇದ್ದರೆ ಹಿಂದೆ, ಅಂದರೆ ಬೋರಿನೊಳಗೆ.

ಮುಂದಿನ ಪರೀಕ್ಷೆಯನ್ನು ನೀರು ಮತ್ತೆ 100 ಅಡಿಗೆ ಏರುವವರೆಗೆ ಕಾದು ಮಾಡಬೇಕು. ಪಂಪ್ ಹಾಕಿ, ವಾಲ್ವನ್ನು ನಿಧಾನವಾಗಿ ಪೂರ್ತಿ ಮುಚ್ಚಿ, ಮುಳ್ಳು ನಿಂತಲ್ಲಿ ಓದಿಕೊಂಡು ತಕ್ಷಣ ತೆರೆಯಬೇಕು. ಅರ್ಧ ನಿಮಿಷ ಸಾಕು. ಮೋಟಾರಿಗೆ ತಂಪು ಸಿಗುವುದೇ ಹರಿಯುವ ನೀರಿನಿಂದ, ಹಾಗಾಗಿ ಮುಚ್ಚಿಟ್ಟು ಚಹಾ ಕುಡಿಯಲು ಹೋಗಬಾರದು. ವಾಲ್ವಿನ ಹಿಂದೆ ಸಾಮಾನ್ಯ ಪಿವಿಸಿ ತುಂಡು ಇದ್ದರೆ ಈ ಒತ್ತಡಕ್ಕೆ ಅದು ಒಡೆದೀತು, ಜಿಐ ಅಥವಾ ಇಂಥ ಒತ್ತಡ ತಡೆಯುವ ಕಾಲಂ ಪೈಪ್ ಇದ್ದರೆ ಮಾತ್ರ ಮಾಡಿ. ಪತ್ರದಲ್ಲಿ ಈ ಪಂಪಿನ ಗರಿಷ್ಠ ಎತ್ತರ 105 ಮೀಟರ್ ಎಂದಿತ್ತು. ನೀರು 30 ಮೀಟರ್ ಆಳದಲ್ಲಿದೆ. ಅದನ್ನು ಕಳೆದರೆ ಮೇಲೆ 75 ಮೀಟರ್, ಅಂದರೆ 7.5 ಕೆಜಿ ತೋರಿಸಬೇಕು. ತೋರಿಸಿದ್ದು 5.8.

ಕೊರತೆ ಎಲ್ಲಿಂದ ಎನ್ನುವುದಕ್ಕೆ ಎರಡು ಉತ್ತರ ಸಾಧ್ಯ. ಒಂದು, ಮರಳು ತಿಂದು ಪಂಪಿನ ಇಂಪೆಲ್ಲರ್‌ಗಳು ಸವೆದಿರಬೇಕು. ಕೇಸಿಂಗ್ ಗಟ್ಟಿ ಬಂಡೆಗೆ ಸರಿಯಾಗಿ ಕೂರದಿದ್ದರೆ ಜಂಬಿಟ್ಟಿಗೆಯ ಕೆಳಗಿನ ಶೇಡಿ ಮಣ್ಣು ಮರಳಿನೊಂದಿಗೆ ಒಳಗಿಳಿದು ಈ ಕೆಲಸ ಮಾಡುತ್ತದೆ. ಇಲ್ಲವೇ ಬೋರಿನೊಳಗಿನ ಪೈಪ್ ಎಲ್ಲೋ ಸೋರುತ್ತಿರಬೇಕು. ಮೊದಲನೆಯದಾದರೆ ಪಂಪ್ ಬಿಚ್ಚಬೇಕು, ಎರಡನೆಯದಾದರೆ ಪಂಪಿನ ತಪ್ಪೇ ಇಲ್ಲ. ಇವೆರಡನ್ನು ಬೇರೆ ಮಾಡುವುದು ಬಹಳ ಸುಲಭ, ಆದರೂ ಮಾಡುವವರು ವಿರಳ. ವಾಲ್ವ್ ಮುಚ್ಚಿದ ಸ್ಥಿತಿಯಲ್ಲೇ ಪಂಪ್ ನಿಲ್ಲಿಸಿ ಮುಳ್ಳನ್ನು ನೋಡುತ್ತಿರಿ. ಪೈಪೂ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಪಂಪಿನ ತಲೆಯ ಚೆಕ್ ವಾಲ್ವೂ ಗಟ್ಟಿ ಇದ್ದರೆ ಒತ್ತಡ ಹಾಗೆಯೇ ನಿಲ್ಲುತ್ತದೆ, ಆಗ ದೋಷ ಸವೆತದ್ದು. ಭಾವನ ಗೇಜಿನ ಮುಳ್ಳು ನಾವು ನೋಡುತ್ತಿದ್ದಂತೆಯೇ ಸೊನ್ನೆಗೆ ಬಿತ್ತು.

ಕ್ಲ್ಯಾಂಪ್ ಮೀಟರ್ ಕೂಡ ಅದನ್ನೇ ಹೇಳುತ್ತಿತ್ತು. ಇಂಥ ಪಂಪಿನಲ್ಲಿ ವಾಲ್ವ್ ಮುಚ್ಚಿದರೆ ಆಂಪಿಯರ್ ಎದ್ದು ಕಾಣುವಂತೆ ಇಳಿಯಬೇಕು, ಏಕೆಂದರೆ ನೀರು ಸಾಗಿಸುವ ಕೆಲಸ ನಿಂತಿರುತ್ತದೆ. ಇಲ್ಲಿ ಇಳಿದದ್ದು ಅತ್ಯಲ್ಪ. ಮೇಲೆ ಬಾಗಿಲು ಮುಚ್ಚಿದ್ದರೂ ನೀರು ಬೇರೆಲ್ಲಿಗೋ ಹರಿಯುತ್ತಲೇ ಇತ್ತು. ಇದೊಂದನ್ನೇ ನಂಬಿ ತೀರ್ಪು ಕೊಡಲಾರೆ, ಗೇಜಿನ ಜೊತೆ ಸೇರಿಸಿದರೆ ಸಾಕ್ಷಿ ಗಟ್ಟಿಯಾಗುತ್ತದೆ.

ವೋಲ್ಟೇಜ್ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ‘ಕರೆಂಟ್ ಡಿಮ್, ಅದಕ್ಕೇ ನೀರು ಕಡಿಮೆ’ ಎಂದು ಪಕ್ಕದ ಮನೆಯವರು ಹೇಳಿದರು. ಮೋಟಾರಿನ ವೇಗ ನಿರ್ಧಾರವಾಗುವುದು ಮುಖ್ಯವಾಗಿ 50 ಹರ್ಟ್ಸ್ ಎಂಬ ಆವರ್ತನದಿಂದ. ವೋಲ್ಟೇಜ್ ಸ್ವಲ್ಪ ಇಳಿದರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ವೈಂಡಿಂಗ್ ಸುಡಲೂಬಹುದು, ಆದರೆ ನೀರು ಅರ್ಧಕ್ಕೆ ಇಳಿಯುವುದಿಲ್ಲ. ಅರ್ಧಕ್ಕೆ ಇಳಿಸುವ ವಿದ್ಯುತ್ತಿನ ಕಾರಣ ಬೇರೊಂದಿದೆ: ಕಂಬದಲ್ಲಿ ಲೈನ್ ದುರಸ್ತಿ ಮಾಡಿದಾಗ ಎರಡು ಫೇಸ್ ಅದಲುಬದಲಾದರೆ ಪಂಪ್ ಹಿಮ್ಮುಖ ತಿರುಗುತ್ತದೆ. ಆಗ ನೀರು ರಾತ್ರೋರಾತ್ರಿ ಕಡಿಮೆಯಾಗುತ್ತದೆ, ವರ್ಷಗಟ್ಟಲೆ ಹಿಡಿಯುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಎರಡು ವೈರ್ ಬದಲಿಸಿದರೆ ಮುಗಿಯಿತು.

ಸೋರಿಕೆ ಎಷ್ಟು ಆಳದಲ್ಲಿದೆ ಎಂದು ತಿಳಿದರೆ ಪೈಪ್ ಎತ್ತುವವರಿಗೆ ಅನುಕೂಲ. ಬೋರಿನ ಬಾಯಿಯ ಯೂನಿಯನ್ ಬಿಚ್ಚಿ, ಪಂಪ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟೆವು. ಪೈಪಿನ ನೀರು ತೂತು ಇರುವ ಮಟ್ಟದವರೆಗೆ ಸುರಿದು ನಿಲ್ಲುತ್ತದೆ. ಮತ್ತೆ ಪಂಪ್ ಹಾಕಿ ನೀರು ಬಾಯಿಗೆ ಬರಲು ಎಷ್ಟು ಸೆಕೆಂಡ್ ಎಂದು ನೋಡಿದರೆ ಹನ್ನೆರಡು. ಒಂದೂವರೆ ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 1.3 ಲೀಟರ್ ಹಿಡಿಯುತ್ತದೆ, ಪಂಪ್ ಶುರುವಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಲೀಟರ್ ತಳ್ಳುತ್ತದೆ. ಖಾಲಿಯಾದದ್ದು ಹದಿನೆಂಟು ಮೀಟರಿನ ಆಸುಪಾಸು ಎಂದಾಯಿತು. ಚೆಕ್ ವಾಲ್ವ್ ಹೋಗಿದ್ದರೆ ಪೈಪ್ ನೀರಿನ ಮಟ್ಟದವರೆಗೂ ಖಾಲಿಯಾಗಿ, ಇಪ್ಪತ್ತು ಸೆಕೆಂಡಿನ ಹತ್ತಿರ ಹಿಡಿಯುತ್ತಿತ್ತು. ಆಮೇಲೆ ಬೋರಿನ ಬಾಯಿಯ ಕ್ಯಾಪ್ ಸರಿಸಿ, ಪಂಪ್ ಓಡುವಾಗ ಕಿವಿಗೊಟ್ಟರೆ, ಕೇಸಿಂಗಿಗೆ ನೀರು ಚಿಮ್ಮಿ ಬಡಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಭಾವ ಕಿವಿ ಎತ್ತಿ, ‘ಇದು ಇಷ್ಟು ದಿನವೂ ಹೀಗೆಯೇ ಕೂಗುತ್ತಿತ್ತೋ ಏನೋ’ ಎಂದ.

ಚೈನ್ ಪುಲ್ಲಿ ಕಟ್ಟಿ ಎತ್ತಿದರು. 20 ಅಡಿಯ ಮೂರನೆಯ ಪೈಪು ಪೂರ್ತಿ ಹೊರಬಂದಾಗ ಅದರ ಕೆಳಗಿನ ಸಾಕೆಟ್ಟಿನ ಅಂಚಿನಲ್ಲಿ ತೂತು ಕಂಡಿತು. ಹೊರಗಿನಿಂದ ನೋಡಿದರೆ ಕಿರುಬೆರಳಿನ ಉಗುರಿನಷ್ಟು ಸೀಳು, ಸುತ್ತ ಕಿತ್ತಳೆ ಬಣ್ಣದ ತುಕ್ಕು, ಅದರ ಎದುರಿನ ಕೇಸಿಂಗಿನಲ್ಲಿ ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾದ ಒಂದು ಪಟ್ಟಿ. ನಮ್ಮ ಜಂಬಿಟ್ಟಿಗೆ ನೆಲದ ನೀರು ಮೆದು, ಜೊತೆಗೆ ಸ್ವಲ್ಪ ಆಮ್ಲೀಯ. ಅದು ಜಿಐ ಪೈಪಿನ ಸತುವಿನ ಲೇಪವನ್ನು ತಿನ್ನುತ್ತದೆ. ಮರೆ, ಅಂದರೆ ಥ್ರೆಡ್, ಕೊರೆದ ಜಾಗದಲ್ಲಿ ಲೇಪವೂ ಹೋಗಿರುತ್ತದೆ, ಪೈಪಿನ ದಪ್ಪವೂ ಕಡಿಮೆಯಾಗಿರುತ್ತದೆ, ಹಾಗಾಗಿ ಮೊದಲು ತೂತು ಬೀಳುವುದು ಅಲ್ಲೇ. ಕರಾವಳಿಯಲ್ಲಿ, ಕಾರವಾರ ಕುಮಟಾದ ಉಪ್ಪು ಸೇರುವ ಬೋರುಗಳಲ್ಲಿ ಇದು ಇನ್ನೂ ಬೇಗ. ಸೋರಿದ ನೀರು ಮತ್ತೆ ಅದೇ ಬೋರಿಗೆ ಬೀಳುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಪಂಪಿನ ಜಾಲರಿಯಲ್ಲಿ ಕೆಂಪು ಲೋಳೆ ಸ್ವಲ್ಪ ಇತ್ತು, ಉಜ್ಜಿ ತೊಳೆದೆವು. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಅಲ್ಲಾಡಿಸಿ ನೋಡಿದ ಮೆಕ್ಯಾನಿಕ್ ಬಿಚ್ಚುವ ಅಗತ್ಯವಿಲ್ಲ ಎಂದರು. ಉಳಿದ ಜಿಐ ಪೈಪುಗಳ ಮರೆಗಳೂ ಬೆರಳಿನಲ್ಲಿ ಒತ್ತಿದರೆ ಪುಡಿ ಉದುರಿಸುತ್ತಿದ್ದವು. ತೂತು ಬಿದ್ದ ಒಂದನ್ನೇ ಬದಲಿಸಿ ಉಳಿತಾಯ ಮಾಡುವ ಯೋಚನೆಯನ್ನು ಬಿಟ್ಟು, ಪೂರ್ತಿ ಯುಪಿವಿಸಿ ಕಾಲಂ ಪೈಪ್ ಇಳಿಸಿದರು. ಖರ್ಚಾಯಿತು, ಆದರೆ ಹೊಸ ಬೋರಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಅದೇ ಡ್ರಮ್ ಈಗ 2 ನಿಮಿಷ 13 ಸೆಕೆಂಡಿಗೆ ತುಂಬುತ್ತಿದೆ, ನಿಮಿಷಕ್ಕೆ 90 ಲೀಟರ್. ಪತ್ರದ 95 ಬಾರದಿರುವುದಕ್ಕೂ ಕಾರಣವಿದೆ: ಸೋರಿದ ನೀರು ಮರಳಿ ಬೋರಿಗೆ ಬೀಳುವುದು ನಿಂತು ಎಲ್ಲವೂ ಮೇಲೆ ಬರುತ್ತಿರುವುದರಿಂದ, ಓಡುವಾಗಿನ ಮಟ್ಟ 145ರ ಬದಲು ಸುಮಾರು 157 ಅಡಿಗೆ ಇಳಿಯುತ್ತಿದೆ. ಗೇಜನ್ನು ಅಲ್ಲೇ ಬಿಟ್ಟಿದ್ದೇವೆ. ಓಡುವಾಗ 1.9, ಮುಚ್ಚಿದಾಗ 7.5, ಆ ಹೊತ್ತಿನ ನೀರಿನ ಮಟ್ಟ 100 ಅಡಿ, ಡ್ರಮ್ಮಿನ ಸಮಯ, ಮೂರೂ ಫೇಸಿನ ಆಂಪಿಯರ್, ಇಷ್ಟನ್ನೂ ತಾರೀಖಿನ ಸಮೇತ ಪ್ಯಾನೆಲ್ಲಿನ ಮುಚ್ಚಳದ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದಾಗಿದೆ. ಪತ್ರ ಕಳೆದುಹೋದವರು, ಪಂಪ್ ಹೊಸದಿರುವಾಗಲೇ ಈ ಅಂಕಿಗಳನ್ನು ಬರೆದಿಟ್ಟುಕೊಂಡರೆ ಪತ್ರದ ಅಗತ್ಯವೇ ಬೀಳುವುದಿಲ್ಲ.